ತಂಡದ ಪರಿಚಯ: ಹಣ ಯಾರ ಕೈಗೆ ಹೋಗುತ್ತಿದೆ?

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ದೇಶದ ಮೊದಲ ಸಹಕಾರ ಸಂಘವೆಂದು ಅದಕ್ಕೆ ಹೆಸರು. ಅದು ಹುಟ್ಟಿದ್ದು 1904ರ ಸಹಕಾರ ಕಾಯ್ದೆಯಡಿ. ಒಂದೇ ಊರಿನ ಹತ್ತು ಜನ ಸೇರಿ ಸಂಘ ಕಟ್ಟಬಹುದು, ಹಳ್ಳಿಯ ಸಂಘ ಮುಳುಗಿದರೆ ಅದರ ಸಾಲಕ್ಕೆ ಸದಸ್ಯರೆಲ್ಲರೂ ಹೊಣೆ ಎಂಬುದು ಆ ಕಾಯ್ದೆಯ ತಿರುಳು. ಸಾಲ ಕೇಳುವವನ ಹೊಲ, ಮನೆತನ, ಹಿಂದೆ ತಂದದ್ದನ್ನು ತಿರುಗಿ ಕೊಟ್ಟನೋ ಇಲ್ಲವೋ ಎಂಬುದೆಲ್ಲ ಊರಿಗೇ ಗೊತ್ತಿರುತ್ತಿತ್ತು. ಅಲ್ಲಿ ಯಾರೂ ತಮ್ಮ ಪರಿಚಯ ಬರೆದು ಅಂಟಿಸಬೇಕಾಗಿರಲಿಲ್ಲ.

ಈಗ ಬೆಟಗೇರಿಯ ನೇಕಾರರೋ ಮುಂಡರಗಿಯ ಯುವಕರೋ ಆನ್‌ಲೈನ್‌ನಲ್ಲಿ ಜನರಿಂದ ಹಣ ಕೂಡಿಸಲು ಹೊರಟರೆ ಕೊಡುವವರು ಪುಣೆಯಲ್ಲಿರುತ್ತಾರೆ, ಅಮೆರಿಕದಲ್ಲಿರುತ್ತಾರೆ. ಊರು ಹೇಳುತ್ತಿದ್ದ ಸಾಕ್ಷಿಯನ್ನೆಲ್ಲ ‘ನಮ್ಮ ತಂಡ’ ಎಂಬ ಭಾಗದ ನಾಲ್ಕೈದು ಸಾಲುಗಳೇ ಹೇಳಬೇಕು. ಸಾಮಾನ್ಯವಾಗಿ ಕಾಣುವ ಇಂಥ ಪರಿಚಯಗಳು ಆ ಕೆಲಸ ಮಾಡುತ್ತಿಲ್ಲ. ಬರೆದವರ ಮನಸ್ಸು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಓದುವ ಅಪರಿಚಿತನಿಗೆ ಬೇಕಾದ ಮಾಹಿತಿಯೇ ಅವುಗಳಲ್ಲಿ ಇರುವುದಿಲ್ಲ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಬೆಟಗೇರಿಯಲ್ಲಿ ಐದು ಕೈಮಗ್ಗಗಳ ಒಂದು ಗುಂಪಿದೆ. 300 ಹತ್ತಿ ಸೀರೆಗಳಿಗೆ ಮುಂಗಡ ಹಣ ಕೇಳುತ್ತದೆ, ಎರಡು ತಿಂಗಳಲ್ಲಿ ಮನೆ ಬಾಗಿಲಿಗೆ ಮುಟ್ಟಿಸುತ್ತೇವೆ ಎನ್ನುತ್ತದೆ. ಮುಖ್ಯಸ್ಥನ ಪರಿಚಯ ಹೀಗಿದೆ: ‘ನೇಕಾರಿಕೆಯ ಪರಂಪರೆಗೆ ಬದುಕನ್ನೇ ಮುಡಿಪಾಗಿಟ್ಟ ಕನಸುಗಾರ, ಸಮಾಜಮುಖಿ ಚಿಂತಕ, ಸ್ಥಾಪಕ.’ ಈ ಸಾಲು ಯಾರಿಗೆ ಬೇಕಾದರೂ ಒಪ್ಪುತ್ತದೆ. ಸುಳ್ಳೆಂದು ತೋರಿಸಲು ಬರುವುದಿಲ್ಲ, ಆದ್ದರಿಂದಲೇ ನಿಜವೆಂದು ನಂಬಲು ಕಾರಣವೂ ಇಲ್ಲ.

ಅದನ್ನೇ ಹೀಗೆ ಬರೆದರೆ: ‘18 ವರ್ಷದಿಂದ ಮಗ್ಗದಲ್ಲಿ ಕೂತಿದ್ದೇನೆ. ನಮ್ಮ ಐದು ಮಗ್ಗಗಳಲ್ಲಿ ಪ್ರತಿಯೊಂದರಲ್ಲೂ ಒಂದು ಸಾದಾ ಸೀರೆಗೆ ಎರಡು ದಿನ ಹಿಡಿಯುತ್ತದೆ. ಕಳೆದ ವರ್ಷ ಒಂದೇ ಸಲಕ್ಕೆ ಒಪ್ಪಿಕೊಂಡ ದೊಡ್ಡ ಆರ್ಡರು 80 ಸೀರೆಯದು. ಆನ್‌ಲೈನ್ ವ್ಯಾಪಾರ ಇದೇ ಮೊದಲು.’ ಈಗ ಓದುವವನ ಕೈಗೆ ಲೆಕ್ಕ ಸಿಕ್ಕಿತು. 300 ಸೀರೆಯನ್ನು ಐದು ಮಗ್ಗಕ್ಕೆ ಹಂಚಿದರೆ ಮಗ್ಗಕ್ಕೆ 60, ಸೀರೆಗೆ ಎರಡು ದಿನವೆಂದರೆ ನೇಯ್ಗೆಗೇ 120 ದಿನ. ಹಾಸು ಸಿದ್ಧಪಡಿಸುವುದು, ಬಣ್ಣ, ಹಬ್ಬ, ಜಾತ್ರೆ, ಮೈಗೆ ಹುಷಾರಿಲ್ಲದ ದಿನಗಳು ಬೇರೆ. ಎರಡು ತಿಂಗಳ ಮಾತು ನಿಲ್ಲುವುದಿಲ್ಲ ಎಂಬುದು ಹಣ ಕೊಡುವ ಮುಂಚೆಯೇ ಗೊತ್ತಾಗುತ್ತದೆ. ಬರೆಯಲು ಕೂತವರಿಗೂ ಅದು ಆಗಲೇ ಗೊತ್ತಾಗಿ, ಐದು ತಿಂಗಳು ಎಂದು ತಿದ್ದಿಕೊಳ್ಳುತ್ತಾರೆ. ಒಳ್ಳೆಯ ಪರಿಚಯದ ಮೊದಲ ಲಾಭ ಇದು.

ಇದು ಸಣ್ಣ ವಿಷಯವಲ್ಲ. ಕಿಕ್‌ಸ್ಟಾರ್ಟರ್ ವೇದಿಕೆಯ ಯೋಜನೆಗಳನ್ನು ಅಭ್ಯಸಿಸಿ ಈಥನ್ ಮಾಲಿಕ್ 2014ರಲ್ಲಿ ಪ್ರಕಟಿಸಿದ ಅಧ್ಯಯನ, ವಿನ್ಯಾಸ ಮತ್ತು ತಂತ್ರಜ್ಞಾನದ ವಸ್ತುಗಳಿಗೆ ಹಣ ಎತ್ತಿದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಹೇಳಿದ ದಿನಕ್ಕೆ ಮುಟ್ಟಿಸಲಿಲ್ಲವೆಂದು ತೋರಿಸಿತು. ನೇರ ಮೋಸದ ಪ್ರಕರಣಗಳು ತೀರ ಕಡಿಮೆ ಇದ್ದವು. ಅಂದರೆ ಹಣ ಕೊಡುವವನು ‘ಇವನು ಕಳ್ಳನೇ?’ ಎಂದು ಕೇಳುವಷ್ಟೇ ಗಟ್ಟಿಯಾಗಿ ‘ಇಷ್ಟು ಪ್ರಮಾಣದಲ್ಲಿ ಹಿಂದೆ ಮಾಡಿದ್ದಾನೆಯೇ?’ ಎಂದೂ ಕೇಳಬೇಕು. ಕನಸುಗಾರ ಎಂಬ ವಿಶೇಷಣ ಈ ಎರಡನೆಯ ಪ್ರಶ್ನೆಗೆ ಉತ್ತರಿಸುವುದಿಲ್ಲ, 80 ಸೀರೆಯ ಲೆಕ್ಕ ಉತ್ತರಿಸುತ್ತದೆ.

ಕನ್ನಡದಲ್ಲಿ ಇದಕ್ಕೆ ನಮ್ಮೆದುರಿಗಿರುವ ದೊಡ್ಡ ಉದಾಹರಣೆ ‘ಲೂಸಿಯಾ’. ನಿರ್ಮಾಪಕರು ಸಿಗದಾಗ ಪವನ್ ಕುಮಾರ್ ನೇರವಾಗಿ ಪ್ರೇಕ್ಷಕರನ್ನೇ ಕೇಳಿದರು. ನೂರಕ್ಕೂ ಹೆಚ್ಚು ಜನರಿಂದ ತಿಂಗಳೊಳಗೆ ಸುಮಾರು 51 ಲಕ್ಷ ರೂಪಾಯಿ ಕೂಡಿತು, 2013ರ ಸೆಪ್ಟೆಂಬರಿನಲ್ಲಿ ಚಿತ್ರ ತೆರೆಕಂಡಿತು. ಅವರ ಪರವಾಗಿ ನಿಂತದ್ದು ಯಾರು ಬೇಕಾದರೂ ನೋಡಬಹುದಾದ ಕೆಲಸ. ‘ಮನಸಾರೆ’, ‘ಪಂಚರಂಗಿ’ಗಳ ಬರವಣಿಗೆಯಲ್ಲಿ ಅವರ ಪಾಲಿತ್ತು, ‘ಲೈಫು ಇಷ್ಟೇನೆ’ 2011ರಲ್ಲಿ ಅವರೇ ನಿರ್ದೇಶಿಸಿದ ಚಿತ್ರ. ಈ ಮಾದರಿಗೆ ಒಂದು ಮಿತಿಯೂ ಇದೆ. ಅಲ್ಲಿ ಬಹುಪಾಲು ಭರವಸೆ ಒಬ್ಬ ನಿರ್ದೇಶಕರ ಹೆಸರಿನ ಮೇಲೆ ನಿಂತಿತ್ತು. ತೆರೆಯ ಮೇಲೆ ಹೆಸರು ಬಂದಿಲ್ಲದ ನೇಕಾರರಿಗೆ ಆ ದಾರಿ ಇಲ್ಲ. ಅವರು ಮಾಡಿದ ಕೆಲಸದ ಗುರುತನ್ನು ಬೇರೆ ಬಗೆಯಲ್ಲಿ ತೋರಿಸಬೇಕು: ಹಿಂದಿನ ಆರ್ಡರಿನ ಬಿಲ್ಲು, ಮಗ್ಗದಲ್ಲಿ ಅರ್ಧ ನೇಯ್ದ ಸೀರೆಯ ಫೋಟೊ, ಸಂಘದ ನೋಂದಣಿ ಸಂಖ್ಯೆ, ಕೊಂಡವರು ಒಪ್ಪಿದರೆ ಅವರ ಒಂದು ಮಾತು.

ನಮ್ಮ ಭಾಗದಲ್ಲಿ ಇನ್ನೊಂದು ರೂಢಿ ಇದೆ. ಪಟ್ಟಿ ಎತ್ತುವ ಕರಪತ್ರದ ಮೇಲ್ತುದಿಗೆ ಶಿರಹಟ್ಟಿಯದೋ ಮುಂಡರಗಿಯದೋ ಲಕ್ಷ್ಮೇಶ್ವರದ್ದೋ ಹಿರಿಯರ, ಸ್ವಾಮಿಗಳ ಭಾವಚಿತ್ರ, ಕೆಳಗೆ ಗೌರವಾಧ್ಯಕ್ಷರ ಹೆಸರುಗಳ ಸಾಲು. ಊರೊಳಗೆ ಇದಕ್ಕೆ ಅರ್ಥವಿದೆ. ಕೆಲಸ ಕೆಟ್ಟರೆ ಆ ಹಿರಿಯರ ಮನೆಗೇ ಹೋಗಿ ಕೇಳಬಹುದು. ಅದೇ ಪದ್ಧತಿ ಆನ್‌ಲೈನಿಗೆ ಬಂದಾಗ ದೂರದ ಕೊಡುಗೆದಾರ ಯಾರನ್ನೂ ಹೋಗಿ ಕೇಳಲಾರ. ಆಗ ಆ ಹೆಸರುಗಳು ಗೌರವವನ್ನು ಮಾತ್ರ ತೋರಿಸುತ್ತವೆ, ಹೊಣೆಯನ್ನಲ್ಲ. ಮಾರ್ಗದರ್ಶಕರೆಂದು ಹಾಕಿದ ಹೆಸರಿನ ಮುಂದೆ ಅವರು ಮಾಡುವುದೇನು ಎಂದು ಬರೆಯಲಾಗದಿದ್ದರೆ ಆ ಹೆಸರನ್ನು ಬಿಡುವುದೇ ಒಳ್ಳೆಯದು.

ಅದರ ಜಾಗದಲ್ಲಿ ಬರಬೇಕಾದ, ಸಾಮಾನ್ಯವಾಗಿ ಬಿಟ್ಟುಹೋಗುವ ಜನ ಎರಡು ಬಗೆಯವರು. ಮೊದಲನೆಯವರು ಹಣ ನೋಡಿಕೊಳ್ಳುವವರು. ಖಾತೆ ಯಾರ ಹೆಸರಿನಲ್ಲಿದೆ, ಚೆಕ್ಕಿಗೆ ಎಷ್ಟು ಜನರ ಸಹಿ ಬೇಕು, ಖರ್ಚಿನ ಲೆಕ್ಕ ಎಂದು ಹಾಕುತ್ತಾರೆ ಎಂಬುದು ಅವರ ಪರಿಚಯದಲ್ಲಿಯೇ ಇರಬೇಕು. ಹಣ ಒಬ್ಬನ ಸ್ವಂತ ಖಾತೆಗೆ ಬೀಳುತ್ತಿದ್ದು, ಪರಿಚಯದಲ್ಲಿ ಅದರ ಸುದ್ದಿಯೇ ಇಲ್ಲದಿದ್ದರೆ ಅದು ಎಚ್ಚರಿಕೆಯ ಗುರುತು. ಎರಡನೆಯವರು ಕಂಡಿಕೆ ಸುತ್ತುವ, ಹಾಸಿನ ನೂಲು ಅಣಿಮಾಡುವ ಮನೆಯ ಹೆಂಗಸರು. ಅವರ ಕೈ ನಿಂತರೆ ಲಾಳಿ ನಿಲ್ಲುತ್ತದೆ. ಆದರೂ ಪರಿಚಯದಲ್ಲಿ ‘ಸ್ಥಾಪಕ’ನೊಬ್ಬನೇ ಕಾಣುತ್ತಾನೆ. ಅವರು ಒಪ್ಪಿದರೆ ಹೆಸರು, ಕೆಲಸ, ಕೂಲಿ ಬರೆಯಬೇಕು. ಮನೆ ವಿಳಾಸ, ಮೊಬೈಲ್ ನಂಬರು, ಆಧಾರ್ ಬೇಡ. ನಂಬಿಕೆ ಗಳಿಸುವ ಭರದಲ್ಲಿ ಬಡವರ ಖಾಸಗಿತನವನ್ನು ಬೀದಿಗಿಡುವುದು ತಪ್ಪು.

ಪರಿಚಯ ಮಾಡಲಾಗದ ಕೆಲಸವೂ ಇದೆ. ಬರವಣಿಗೆಯಿಂದ ಪ್ರಾಮಾಣಿಕತೆ ಸಿದ್ಧವಾಗುವುದಿಲ್ಲ. ಮೋಸಗಾರನೂ ಚೆನ್ನಾಗಿ ಬರೆಯಬಲ್ಲ. ಬರವಣಿಗೆ ಕೊಡಬಹುದಾದದ್ದು ಪರೀಕ್ಷಿಸಿ ನೋಡುವ ಅವಕಾಶ ಮಾತ್ರ. ಪ್ರತಿ ಸಾಲಿನ ಮುಂದೆ ಎರಡು ಪ್ರಶ್ನೆ ಇಟ್ಟು ನೋಡಬಹುದು: ದೂರದವನೊಬ್ಬ ಇದನ್ನು ವಿಚಾರಿಸಿ ತಿಳಿಯಬಹುದೇ? ಇದು ಸುಳ್ಳಾದರೆ ಬರೆದವನಿಗೆ ನಷ್ಟವಿದೆಯೇ? ಎರಡಕ್ಕೂ ಹೌದು ಎನ್ನದ ಸಾಲನ್ನು ಅಳಿಸಿದರೆ ಉಳಿಯುವುದು ಚಿಕ್ಕ ಪರಿಚಯ. ಕಣಗಿನಹಾಳದ ಸಂಘಕ್ಕೆ ಹೊಣೆಯನ್ನು ಕಾಯ್ದೆಯೇ ಹೊರಿಸಿತ್ತು. ಇಲ್ಲಿ ಅದನ್ನು ಬರೆಯುವವರೇ ಹೊತ್ತುಕೊಳ್ಳಬೇಕು. ಹಣ ಕೊಡುವವರಲ್ಲಿ ನನ್ನ ಬಿನ್ನಹ ಇಷ್ಟೇ: ಕನಸಿನ ಸಾಲುಗಳನ್ನು ದಾಟಿ ಹೋಗಿ, ಖಾತೆ ಯಾರ ಹೆಸರಿನಲ್ಲಿದೆ ಎಂದು ಮೊದಲು ನೋಡಿ. ಅದು ಕಾಣದಿದ್ದರೆ ಕೇಳಿ. ಉತ್ತರ ಬರುವವರೆಗೆ ಹಣ ಕಳಿಸಬೇಡಿ.