ಪೇತ್ರನ ಉತ್ತರದಲ್ಲಿ ‘ನೀನು’, ‘ನೀವು’

ಸಂತ ಯೊವಾನ್ನರ ಶುಭಸಂದೇಶದ 21ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಪೇತ್ರನನ್ನು ಮೂರು ಸಲ ಕೇಳುವ ಪ್ರಶ್ನೆ ಪ್ರೀತಿಯದು. ಅದಕ್ಕೆ ಪೇತ್ರ ಕೊಡುವ ಉತ್ತರವನ್ನು ಯಾದಗಿರಿಯಲ್ಲಿ ನಾವು ಎರಡು ಬಗೆಯಾಗಿ ಕೇಳುತ್ತೇವೆ. ಮೆಥೊಡಿಸ್ಟ್ ಸಭೆಗಳಲ್ಲಿ ರೂಢಿಯಲ್ಲಿರುವ ಹಳೆಯ ಸತ್ಯವೇದದಲ್ಲಿ ಅವನು ಗುರುವನ್ನು ‘ನೀನು’ ಎನ್ನುತ್ತಾನೆ. ನಮ್ಮ ಬಲಿಪೂಜೆಯ ವಾಚನದಲ್ಲಿ ‘ನೀವು’ ಎನ್ನುತ್ತಾನೆ. ಮೊದಲನೆಯದು ಮೂಲಕ್ಕೆ ನಿಷ್ಠ, ಎರಡನೆಯದು ಬರಿಯ ಶಿಷ್ಟಾಚಾರ ಎಂಬ ಮಾತು ನಮ್ಮಲ್ಲಿ ಪ್ರಚಲಿತವಾಗಿದೆ. ಅದು ಸರಿಯಲ್ಲ.

ಗ್ರೀಕಿನ ‘ಸು’ ಏಕವಚನವೇನೋ ಹೌದು. ಆದರೆ ಅದರಲ್ಲಿ ಸಲಿಗೆಯೂ ಇಲ್ಲ, ಗೌರವವೂ ಇಲ್ಲ. ಸಾಮ್ರಾಟನಿಗೂ ಸೇವಕನಿಗೂ ಅಂದಿನ ಗ್ರೀಕಿನಲ್ಲಿ ಅದೊಂದೇ ಪದ. ಕನ್ನಡದಲ್ಲಿ ಹಾಗಲ್ಲ. ‘ಬಲ್ಲೆ’ ಎಂದರೂ ‘ಬಲ್ಲಿರಿ’ ಎಂದರೂ ಮೂಲದಲ್ಲಿ ಇಲ್ಲದ ಒಂದು ಸಂಬಂಧವನ್ನು ಅನುವಾದಕನು ಸೇರಿಸಿಯೇ ತೀರಬೇಕು. ಆದ್ದರಿಂದ ಕೇಳಬೇಕಾದದ್ದು ಇಷ್ಟೇ: ಸೇರಿಸಿದ್ದು ಈ ಸನ್ನಿವೇಶಕ್ಕೆ ಒಪ್ಪುತ್ತದೆಯೆ?

‘ನೀನು’ ಪರ ವಾದಿಸುವವರಿಗೆ ಸುರಪುರ ಸೀಮೆಯಲ್ಲೇ ಬಲವಾದ ಸಾಕ್ಷಿಯಿದೆ. ಮುದನೂರಿನ ದೇವರ ದಾಸಿಮಯ್ಯನು ತನ್ನ ರಾಮನಾಥನನ್ನು ಏಕವಚನದಲ್ಲೇ ಕರೆದನು. ಇಲ್ಲಿಯ ಮಗ ಇಂದಿಗೂ ತಾಯಿಗೆ ‘ಯವ್ವಾ, ನೀ’ ಎನ್ನುತ್ತಾನೆ, ಕಚೇರಿಯ ಸಾಹೇಬರಿಗೆ ‘ರೀ’ ಹಚ್ಚುತ್ತಾನೆ. ಆದರೆ ಅದೇ ಮನೆಯಲ್ಲಿ ಗಂಡನನ್ನು ‘ನೀವು’ ಎನ್ನುವ ಹೆಂಡತಿಯೂ ಇದ್ದಾಳೆ. ಅವಳ ಮಾತಿನಲ್ಲಿ ಪ್ರೀತಿ ಕಡಿಮೆಯೆಂದು ಯಾರೂ ಹೇಳರು. ಅಂದಮೇಲೆ ಬಹುವಚನವನ್ನೇ ತಣ್ಣಗಿನದೆಂದು ತಳ್ಳಿಹಾಕುವಂತಿಲ್ಲ.

ಮೂರನೆಯ ಉತ್ತರದಲ್ಲಿ ಮಾತ್ರ ಪೇತ್ರನು ‘ನೀನು’ಗೆ ಇಳಿಯಲಿ, ನೊಂದ ಹೃದಯ ಆಗ ಕೇಳಿಸುತ್ತದೆ ಎಂದು ಸೂಚಿಸುವವರಿದ್ದಾರೆ. ಸೂಚನೆ ಆಕರ್ಷಕ, ಪಠ್ಯಕ್ಕೆ ಮಾತ್ರ ವಿರುದ್ಧ. ಮೊದಲ ಎರಡು ಸಲ ಸ್ವಾಮಿ ಕೇಳುವುದು ‘ಅಗಪಾಓ’ ಎಂಬ ಕ್ರಿಯಾಪದದಿಂದ, ಪೇತ್ರ ಉತ್ತರಿಸುವುದು ‘ಫಿಲೇಓ’ ಎಂಬುದರಿಂದ. ಮೂರನೆಯ ಸಲ ಪದ ಬದಲಿಸುವವರು ಸ್ವಾಮಿಯೇ; ಪೇತ್ರನ ಪದವನ್ನೇ ಅವರು ಎತ್ತಿಕೊಳ್ಳುತ್ತಾರೆ. ಇವೆರಡು ಪದಗಳಲ್ಲಿ ಅರ್ಥಭೇದವಿದೆಯೇ ಎಂಬ ಚರ್ಚೆ ಹೇಗೂ ಇರಲಿ, ಚಲನೆಯಂತೂ ಗುರುವಿನ ಕಡೆಯಿಂದ. ಪೇತ್ರನ ಸರ್ವನಾಮವನ್ನು ಬದಲಿಸಿದರೆ ಆ ಚಲನೆ ಶಿಷ್ಯನದಾಗಿಬಿಡುತ್ತದೆ. ಅದಕ್ಕಿಂತ ‘ಪ್ರೀತಿ’, ‘ಮಮತೆ’ ಎಂಬ ಎರಡು ಪದಗಳನ್ನು ಬಳಸಿ, ಮೂರನೆಯ ಪ್ರಶ್ನೆಯಲ್ಲಿ ಸ್ವಾಮಿಯ ಬಾಯಲ್ಲಿ ‘ಮಮತೆ’ಯನ್ನಿಡುವುದು ಮೇಲು.

ಸ್ವಾಮಿಯು ಪೇತ್ರನಿಗೆ ಹೇಳುವ ‘ನೀನು’ ಮಾತ್ರ ಎಲ್ಲಿಯೂ ಸಡಿಲವಾಗಬಾರದು. ಲೂಕ 22:31-32ನ್ನು ನೋಡಿ. ಸೈತಾನನು ಜರಡಿಯಾಡಲು ಕೇಳಿಕೊಂಡದ್ದು ಬಹುವಚನದ ‘ನಿಮ್ಮನ್ನು’. ಸ್ವಾಮಿ ಪ್ರಾರ್ಥಿಸಿದ್ದು ಏಕವಚನದ ‘ನಿನಗಾಗಿ’. ಇಂದಿನ ಇಂಗ್ಲಿಷಿನ ಒಂದೇ ಸರ್ವನಾಮದಲ್ಲಿ ಈ ಭೇದ ಅಳಿಸಿಹೋಗುತ್ತದೆ; ಕನ್ನಡದಲ್ಲಿ ಉಳಿಯುತ್ತದೆ. ಭಾವೀ ಪೋಪರೆಂಬ ಗೌರವದಿಂದ ಪೇತ್ರನಿಗೂ ‘ನೀವು’ ಹಚ್ಚಿ ಬೋಧಿಸುವ ಉಪದೇಶಕರು ಹನ್ನೆರಡು ಮಂದಿಯ ನಡುವೆ ಆ ಒಬ್ಬನನ್ನು ಕಾಣದಂತೆ ಮಾಡುತ್ತಾರೆ.