ಪ್ರಶಸ್ತಿ ಸಾಕು, ಎಲ್ಲೆ ಹೇಳಿ

ಹೊಯ್ಸಳರ ಕಾಲದ ದಾನಶಾಸನಗಳನ್ನು ಓದಿದವರಿಗೆ ಅವುಗಳ ನಡಿಗೆ ಗೊತ್ತು. ಮೊದಲು ದೇವರ ಸ್ತುತಿ, ಆಮೇಲೆ ರಾಜನ ವಂಶ, ಅವನು ಗೆದ್ದ ಊರುಗಳು, ಸಾಲುಗಟ್ಟಿದ ಬಿರುದುಗಳು. ಕಲ್ಲಿನ ತಳಭಾಗಕ್ಕೆ ಬಂದಮೇಲೆ ಬರೆದವನ ದನಿಯೇ ಬದಲಾಗುತ್ತದೆ. ಯಾವ ಕೆರೆಯ ಕೆಳಗೆ ಎಷ್ಟು ಗದ್ದೆ, ಯಾವ ದಿಕ್ಕಿಗೆ ಯಾವ ಗುರುತು, ಅದರ ಹುಟ್ಟುವಳಿ ಯಾರಿಗೆ ಸೇರಬೇಕು ಎಂಬುದೆಲ್ಲ ಒಣಒಣವಾಗಿ, ತಕರಾರಿಗೆ ಎಡೆಯಿಲ್ಲದಂತೆ ಬರುತ್ತದೆ. ಮೇಲಿನದು ಪ್ರಶಸ್ತಿ, ಕೆಳಗಿನದು ಎಲ್ಲೆ. ಅರಸೀಕೆರೆಯಲ್ಲಿರುವ ನನ್ನ ಅಕ್ಕನ ಮಗ, ತಾನೂ ತನ್ನ ಗೆಳೆಯನೂ ಕಟ್ಟುತ್ತಿರುವ ಒಂದು ಪಜಲ್ ಆಟಕ್ಕಾಗಿ ಪ್ರಕಾಶಕರಿಗೆ ಕಳಿಸಬೇಕೆಂದಿದ್ದ ಪತ್ರವನ್ನು ಓದಿದಾಗ ನನಗೆ ನೆನಪಾದದ್ದು ಇದೇ. ಒಂದೂವರೆ ಪುಟ ಪ್ರಶಸ್ತಿ, ಕೊನೆಗೆ ಎರಡು ಸಾಲು ಎಲ್ಲೆ. ಆ ಎರಡು ಸಾಲೂ ತಪ್ಪು.

ಇಂಥ ಪತ್ರಗಳನ್ನು ಕೆಲವು ವರ್ಷ ಸಂಬಳಕ್ಕಾಗಿ ಓದಿದವನು ನಾನು. ಆಟದ ಪ್ರಕಾಶಕ ಎಂದರೆ ಪುಸ್ತಕದ ಪ್ರಕಾಶಕನ ಹಾಗೆ ಸಿದ್ಧ ಪ್ರತಿಯನ್ನು ಅಚ್ಚು ಹಾಕುವವನಲ್ಲ. ಆಟ ಮುಗಿಯುವವರೆಗೆ ಖರ್ಚಿಗೆ ಹಣ ಕೊಡುತ್ತಾನೆ, ಪರೀಕ್ಷೆ, ಅನುವಾದ, ಪ್ರಚಾರ ಮಾಡಿಸುತ್ತಾನೆ, ಮಾರಾಟ ಶುರುವಾದ ಮೇಲೆ ಸಾಮಾನ್ಯವಾಗಿ ತಾನು ಹಾಕಿದ್ದನ್ನು ಮೊದಲು ಹಿಂದಕ್ಕೆ ಪಡೆದು ಆಮೇಲೆ ಪಾಲು ಹಂಚುತ್ತಾನೆ. ಹಾಗಾಗಿ ಪತ್ರದಲ್ಲಿ ಅವನು ಹುಡುಕುವುದು ಎರಡೇ ವಿಷಯ. ಆಡುವವನನ್ನು ಹಿಡಿದು ನಿಲ್ಲಿಸುವ ಹುಕ್ ಏನು? ಈ ಇಬ್ಬರು ಹುಡುಗರು ಇದನ್ನು ನಿಜಕ್ಕೂ ಮುಗಿಸುತ್ತಾರೆಯೇ?

ಮೊದಲ ಪತ್ರದ ಮೊದಲ ವಾಕ್ಯ ಹೀಗಿತ್ತು: "2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡುಗಳ ಅದ್ಭುತ ಶಿಲ್ಪಲೋಕವನ್ನು ಜಗತ್ತಿಗೆ ಪರಿಚಯಿಸುವ ಒಗಟಿನ ಸಾಹಸಯಾತ್ರೆ ನಮ್ಮದು." ಮುಂದೆ ವಿಷ್ಣುವರ್ಧನ ಬಂದ, 1117ರ ಚೆನ್ನಕೇಶವ ಪ್ರತಿಷ್ಠೆ ಬಂತು, ಜಕಣಾಚಾರಿಯ ಕಪ್ಪೆಯ ಕಥೆಗೆ ಒಂದಿಡೀ ಪ್ಯಾರಾ ಹೋಯಿತು. ಸುಳ್ಳೇನೂ ಇಲ್ಲ, ಕಪ್ಪೆಯ ಕಥೆ ಐತಿಹ್ಯವೆಂದು ತಿಳಿದೇ ಓದುತ್ತೇವೆ. ತೊಂದರೆ ಬೇರೆ. ಇಷ್ಟನ್ನೂ ಓದಿ ಮುಗಿಸಿದರೂ ಆಡುವವನು ಮೌಸ್ ಹಿಡಿದು ಏನು ಮಾಡುತ್ತಾನೆ ಎಂಬುದು ಗೊತ್ತಾಗುವುದಿಲ್ಲ. ಬಾಗಿಲು ತೆರೆಯುತ್ತಾನೋ, ಕಲ್ಲು ಜೋಡಿಸುತ್ತಾನೋ, ಸಂಖ್ಯೆ ತುಂಬುತ್ತಾನೋ? ಪತ್ರವನ್ನು ಅಕ್ಕನ ಕೈಗೆ ಕೊಟ್ಟು, ಓದಿದ ಮೇಲೆ ಆಟ ಯಾವುದರ ಬಗ್ಗೆ ಎಂದು ಕೇಳಿದೆ. "ದೇವಸ್ಥಾನದ ಬಗ್ಗೆ ಅಲ್ವೇನೋ" ಎಂದಳು. ಪ್ರಕಾಶಕನೂ ಅಷ್ಟೇ ಹೇಳುತ್ತಿದ್ದ, ಆದರೆ ನಮಗೆ ಕೇಳಿಸುತ್ತಿರಲಿಲ್ಲ.

ಬೇಸರದ ಸಂಗತಿ ಎಂದರೆ ಹುಕ್ ಪತ್ರದ ಒಳಗೇ ಇತ್ತು, ಎರಡನೆಯ ಪುಟದಲ್ಲಿ, ಒಂದು ಅಡ್ಡಮಾತಿನಲ್ಲಿ. ಬೇಲೂರಿನ ಮದನಿಕೆಯರ ಪೀಠದಲ್ಲಿ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೀಗೆ ತಾವೇ ಗುರುತು ಬಿಟ್ಟವರು. ಹೆಸರಿನ ಜೊತೆಗೆ ತಂದೆಯ ಹೆಸರು, ಊರು, ಒಮ್ಮೊಮ್ಮೆ ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದು ಕೂಡ ಇರುತ್ತದೆ. ಆದರೆ ಹೊಯ್ಸಳ ಗುಡಿಗಳ ಬಹುಪಾಲು ಕೆತ್ತನೆಗೆ ಸಹಿಯಿಲ್ಲ. ಆಟದಲ್ಲಿ ನಾವು ಸಹಿಯಿರುವ ಕಲ್ಲನ್ನು ನೋಡಿ ಆ ಕೈಯ ಪರಿಚಯ ಮಾಡಿಕೊಂಡು, ಸಹಿಯಿಲ್ಲದ ಕಲ್ಲಿನಲ್ಲಿ ಅದೇ ಕೈಯನ್ನು ಹಿಡಿಯಬೇಕು. ಹುಡುಗ ಇದನ್ನು "ಇದರ ಜೊತೆಗೆ ಶಿಲ್ಪಿಗಳನ್ನು ಗುರುತಿಸುವ ಅವಕಾಶವೂ ಇದೆ" ಎಂದು ಬರೆದಿದ್ದ. ಆ 'ಜೊತೆಗೆ' ಎಂಬ ಮಾತು ಅವನಿಗೆ ಎಷ್ಟು ನಷ್ಟ ಮಾಡಬಹುದಿತ್ತೋ.

ಡೆಮೊದಲ್ಲಿರುವ ಒಂದು ಒಗಟನ್ನು ಹತ್ತಿರದಿಂದ ನೋಡೋಣ. ಎಲೆಬಳ್ಳಿಯ ತೋರಣದ ಕೆಳಗೆ ನಿಂತ ನರ್ತಕಿ. ಪೀಠ ಒಡೆದುಹೋಗಿ 'ನ ಮಗ' ಎಂಬಷ್ಟೇ ಅಕ್ಷರ ಉಳಿದಿದೆ. ಪಕ್ಕದ ಅಂಕಣದಲ್ಲಿ ಪೂರ್ತಿ ಸಹಿ ಇರುವ ಇನ್ನೊಂದು ಶಿಲ್ಪ, ತೋರಣ ಥೇಟ್ ಹೀಗೆಯೇ ಇದೆ. ಆತುರದವರು ಎರಡಕ್ಕೂ ಒಂದೇ ಹೆಸರು ಬರೆಯುತ್ತಾರೆ. ಕಣ್ಣು ನಿಧಾನಿಸಿದರೆ ಹಾರ ಬೇರೆ ಎಂದು ಕಾಣುತ್ತದೆ. ಸಹಿ ಮಾಡಿದವನು ಹಾರದ ಹಿಂದಿನ ಕಲ್ಲನ್ನು ಕೊರೆದು ತೆಗೆದಿದ್ದಾನೆ, ಮಣಿಗಳು ಎದೆಯಿಂದ ಬಿಟ್ಟುಕೊಂಡು ತೂಗುತ್ತವೆ. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವಂಥದ್ದು, ಆ ಕೆಲಸ ಸಾಧ್ಯವಾಗುವುದೂ ಅದಕ್ಕೇ. ಒಡೆದ ಪೀಠದ ನರ್ತಕಿಯ ಹಾರ ಎದೆಗೇ ಅಂಟಿಕೊಂಡಿದೆ. ತೋರಣ ಅಪ್ಪನದು, ಹಾರ ಅಪ್ಪನಷ್ಟು ಧೈರ್ಯವಿಲ್ಲದವನದು. 'ನ ಮಗ' ಎಂಬುದಕ್ಕೆ ಅರ್ಥ ಬರುವುದು ಆಗ. ಈ ಒಗಟು ನನಗೆ ನಿಜಕ್ಕೂ ಹಿಡಿಸಿತು. ಇದರ ಸುಳಿವೇ ಮೊದಲ ಪತ್ರದಲ್ಲಿ ಇರಲಿಲ್ಲ.

ಇದ್ದ ಹೋಲಿಕೆಯೂ ಅರ್ಧ. "ರಿಟರ್ನ್ ಆಫ್ ದಿ ಓಬ್ರಾ ಡಿನ್ ಆಟ ಭಾರತಕ್ಕೆ ಬಂದಂತೆ" ಎಂದು ಬರೆದಿದ್ದ. ಲೂಕಸ್ ಪೋಪ್ 2018ರಲ್ಲಿ ಹೊರತಂದ ಆ ಆಟದಲ್ಲಿ ಹಡಗಿನಲ್ಲಿದ್ದ 60 ಮಂದಿ ಯಾರು, ಅವರಿಗೆ ಏನಾಯಿತು ಎಂದು ಊಹಿಸಬೇಕು. ಮೂವರ ವಿವರ ಸರಿಯಾದಾಗ ಮಾತ್ರ ಆಟ ಒಪ್ಪಿಕೊಳ್ಳುತ್ತದೆ. ಈ ಮೂರರ ಉಪಾಯವನ್ನು ನಮ್ಮವರೂ ತೆಗೆದುಕೊಂಡಿದ್ದಾರೆ, ತೆಗೆದುಕೊಳ್ಳಬೇಕಾದದ್ದೇ. ನಮ್ಮವರ ಆಟದಲ್ಲಿರುವ ಆರು ಶಿಲ್ಪಿಗಳಲ್ಲಿ ಒಬ್ಬನನ್ನು ಕಣ್ಣುಮುಚ್ಚಿ ಆರಿಸಿದರೂ ಆರಕ್ಕೆ ಒಂದು ಸಲ ಸರಿಯಾಗುತ್ತದೆ. ಮೂರನ್ನು ಒಟ್ಟಿಗೆ ಹೇಳಬೇಕೆಂದರೆ 216ಕ್ಕೆ ಒಂದು ಸಲ. ಕುರುಡು ಊಹೆಯ ದಾರಿ ಹೆಚ್ಚುಕಡಿಮೆ ಮುಚ್ಚಿದಂತಾಯಿತು. ಆದರೆ ಹೋಲಿಕೆ ಹೇಳುವುದು ಎರವಲು ತಂದದ್ದನ್ನು ಮಾತ್ರ. ಅಲ್ಲಿ ಗುರುತಿಸುವುದು ಮನುಷ್ಯರನ್ನು, ಇಲ್ಲಿ ಕೈಯನ್ನು. ಪತ್ರದಲ್ಲಿ ಬೇಕಾದದ್ದು ಆ ವ್ಯತ್ಯಾಸದ ಒಂದು ಸಾಲು.

ಇನ್ನು ಎಲ್ಲೆಯ ಮಾತು. ಮೊದಲ ಪತ್ರದ ಲೆಕ್ಕ: ಮೂರು ದೇವಾಲಯ, 200 ಒಗಟು, 12 ತಿಂಗಳು. ಹಳೇಬೀಡಿನ ಗೋಡೆಯ ಆನೆಸಾಲು, ಕುದುರೆಸಾಲು, ಮಕರ, ಹಂಸ ಎಲ್ಲವನ್ನೂ ಇದ್ದದ್ದು ಇದ್ದಂತೆ ತರುತ್ತೇವೆ ಎಂಬ ಭರವಸೆ ಬೇರೆ. ಒಂದು ಶಿಲ್ಪಕ್ಕೆ ಎಷ್ಟು ದಿನ ಹಿಡಿಯಿತು ಎಂದು ಕೇಳಿದೆ. ರೂಪ ಕೊಡಲು ಮೂರು ದಿನ, ಸುಳಿವು ಹೆಣೆಯಲು ಎರಡು, ಆಡಿಸಿ ನೋಡಿ ತಿದ್ದಲು ಎರಡು, ಒಟ್ಟು ಏಳು. 200 ಒಗಟಿಗೆ 1400 ದಿನ. ತಿಂಗಳಿಗೆ 22 ದಿನದಂತೆ ಇಬ್ಬರು ದುಡಿದರೂ 32 ತಿಂಗಳು ಹತ್ತಿರ. ಇದರಲ್ಲಿ ಸಂಗೀತವಿಲ್ಲ, ಅನುವಾದವಿಲ್ಲ, ಜ್ವರವಿಲ್ಲ, ಊರಹಬ್ಬವಿಲ್ಲ. ಓದುವವನು ಈ ಭಾಗಾಕಾರವನ್ನು ಮನಸ್ಸಿನಲ್ಲೇ ಮಾಡಿ ಪತ್ರವನ್ನು ಪಕ್ಕಕ್ಕಿಡುತ್ತಾನೆ.

'ಇದ್ದದ್ದು ಇದ್ದಂತೆ' ಎಂಬ ಭರವಸೆಯಲ್ಲಿ ಇನ್ನೂ ಆಳದ ತಪ್ಪಿದೆ. ಒಗಟಿಗೆ ಒಂದೇ ಸರಿಯುತ್ತರ ಇರಬೇಕು. ಸಹಿಯಿಲ್ಲದ ನಿಜವಾದ ಶಿಲ್ಪವನ್ನು ಯಾರು ಕೆತ್ತಿದರು ಎಂಬುದಕ್ಕೆ ವಿದ್ವಾಂಸರ ಬಳಿ ಇರುವುದು ಅಭಿಪ್ರಾಯ. ಅಭಿಪ್ರಾಯವನ್ನು 'ಸರಿ, ತಪ್ಪು' ಎಂದು ಗುಂಡಿ ಒತ್ತಿಸಲಾಗದು. ನಿಜವಾದ ಬೇಲೂರನ್ನೇ ತರುತ್ತೇವೆ ಎಂದರೆ ಆಟ ಸುಳ್ಳು ಹೇಳಬೇಕಾಗುತ್ತದೆ. ಕಲ್ಪಿತ ಗುಡಿ, ಕಲ್ಪಿತ ಶಿಲ್ಪಿಗಳು ಎಂದರೆ ಅದು ಪ್ರಾಮಾಣಿಕ, ಖರ್ಚೂ ಕಡಿಮೆ.

ಅದಕ್ಕೆ ಮಾದರಿ ಅವನ ಮನೆಯ ಹತ್ತಿರವೇ ಇತ್ತು. ಅರಸೀಕೆರೆಯ ಈಶ್ವರ ದೇವಾಲಯ 13ನೇ ಶತಮಾನದ ಮೊದಲ ಭಾಗದ್ದು. ಮುಂದಿನ ತೆರೆದ ಮಂಟಪಕ್ಕೆ ನಕ್ಷತ್ರದ ಆಕಾರ, ಹದಿನಾರು ಮೂಲೆ. ಯುನೆಸ್ಕೊ ಪಟ್ಟಿಯಲ್ಲಿ ಇಲ್ಲ, ಬಸ್ಸು ತುಂಬ ಬರುವ ಪ್ರವಾಸಿಗರು ಕಡಿಮೆ. ಹತ್ತು ನಿಮಿಷಕ್ಕೆ ಸುತ್ತು ಬರಬಹುದಾದ ಗಾತ್ರ. ಇಬ್ಬರು ಹುಡುಗರ ಕೈಗೆ ನಿಲುಕುವ ಅಳತೆ ಎಂದರೆ ಇದು. "ಇದನ್ನು ಯಾರು ನೋಡ್ತಾರೆ ಮಾಮ, ಬೇಲೂರಾದ್ರೆ ಹೆಸರಿದೆ" ಎಂದ. ಹೆಸರು ಬೇಕಾದದ್ದು ಟಿಕೆಟ್ ಮಾರುವವನಿಗೆ ಎಂದೆ. ಸ್ವಲ್ಪ ಒರಟಾಯಿತು, ಆದರೆ ಹಿಂದೆ ತೆಗೆದುಕೊಳ್ಳಲಿಲ್ಲ.

ಹದಿನೈದು ದಿನ ಬಿಟ್ಟು ಬಂದ ಎರಡನೆಯ ಪತ್ರ ಇಷ್ಟೇ ಉದ್ದ:

"ನಮ್ಮ ಆಟದಲ್ಲಿ ನೀವು ಒಂದು ಹೊಯ್ಸಳ ಗುಡಿಯ ಗೋಡೆಯ ಮುಂದೆ ನಿಂತು, ಪ್ರತಿ ಶಿಲ್ಪವನ್ನು ಆರು ಶಿಲ್ಪಿಗಳಲ್ಲಿ ಯಾರು ಕೆತ್ತಿದರು ಎಂದು ಕಂಡುಹಿಡಿಯಬೇಕು. ಕೆಲವರು ಹೆಸರು ಕೆತ್ತಿದ್ದಾರೆ. ಉಳಿದವರನ್ನು ಅವರ ಉಳಿಯ ಗುರುತಿನಿಂದ ಹಿಡಿಯಬೇಕು. ಮೂರು ಉತ್ತರ ಒಟ್ಟಿಗೆ ಸರಿಯಾದರೆ ಮಾತ್ರ ಆಟ ಒಪ್ಪುತ್ತದೆ. ಒಂದು ಗುಡಿ, 48 ಶಿಲ್ಪ, ಸುಮಾರು 6 ಗಂಟೆಯ ಆಟ, ಕಂಪ್ಯೂಟರಿಗೆ ಮಾತ್ರ. ಗುಡಿ, ಶಿಲ್ಪಿಗಳು ಕಲ್ಪಿತ. ಸಹಿ ಮಾಡುವ ರೂಢಿ ನಿಜ, ಬೇಲೂರಿನಲ್ಲಿ ಇಂದಿಗೂ ನೋಡಬಹುದು. ನಾವು ಇಬ್ಬರು. ನಮಗೆ ಬೇಕಾದದ್ದು 12 ತಿಂಗಳು, 18 ಲಕ್ಷ ರೂಪಾಯಿ. ಮೂರು ಶಿಲ್ಪಗಳ ಡೆಮೊ ಜೊತೆಗಿದೆ, 20 ನಿಮಿಷ ಸಾಕು."

ಮೊದಲ ವಾಕ್ಯದಲ್ಲೇ ಆಡುವವನ ಕೆಲಸ ಬಂತು. ಅಕ್ಕ ಓದಿ, "ಯಾರು ಕೆತ್ತಿದ್ದು ಅಂತ ಕಂಡುಹಿಡಿಯೋದು" ಎಂದಳು. ಎಲ್ಲೆಯೂ ತಾಳೆಯಾಗುತ್ತದೆ. 48 ಶಿಲ್ಪಕ್ಕೆ 336 ದಿನ, ಇಬ್ಬರಿಗೆ ಏಳೂವರೆ ತಿಂಗಳ ಚಿಲ್ಲರೆ. ಉಳಿದ ನಾಲ್ಕು ತಿಂಗಳು ಸಂಗೀತಕ್ಕೆ, ಅನುವಾದಕ್ಕೆ, ತಿದ್ದುಪಡಿಗೆ. ತಿಂಗಳಿಗೆ ಇಬ್ಬರ ಖರ್ಚು 1 ಲಕ್ಷ 20 ಸಾವಿರದಂತೆ 14 ಲಕ್ಷ 40 ಸಾವಿರ, ಮಿಕ್ಕದ್ದು ಹೊರಗಿನ ಕೆಲಸಕ್ಕೆ. 'ಕಂಪ್ಯೂಟರಿಗೆ ಮಾತ್ರ' ಎಂದದ್ದೂ ಒಳ್ಳೆಯದೇ, ಮೊಬೈಲಿನ ಪರದೆಯಲ್ಲಿ ಹಾರದ ಹಿಂದಿನ ನೆರಳು ಕಾಣುವುದಿಲ್ಲ.

ಹಾಗೆಂದು ಪತ್ರ ಪೂರ್ತಿ ಗೆದ್ದಿಲ್ಲ. 'ಉಳಿಯ ಗುರುತು' ಎಂಬುದು ಇನ್ನೂ ಮಬ್ಬು. ಅಪ್ಪ ಮಗನ ಹಾರದ ಒಗಟನ್ನು ಅಲ್ಲೇ ಎರಡು ಸಾಲಿನಲ್ಲಿ ಹೇಳಿದ್ದರೆ ಓದುಗ ಡೆಮೊ ತೆರೆಯದೆ ಇರುತ್ತಿರಲಿಲ್ಲ. ಈ ಇಬ್ಬರು ಹಿಂದೆ ಏನನ್ನಾದರೂ ಮುಗಿಸಿದ್ದಾರೆಯೇ ಎಂಬುದೂ ಇಲ್ಲ. ಕಾಲೇಜಿನಲ್ಲಿ ಮಾಡಿದ ಒಂದು ಪುಟ್ಟ ಆಟವಿದೆ, ನಾಚಿಕೆಯಿಂದ ಬಿಟ್ಟಿದ್ದಾರೆ. ಮುಗಿಸಿದ ಸಣ್ಣದಕ್ಕೆ ಈ ವ್ಯಾಪಾರದಲ್ಲಿ ಬೆಲೆಯಿದೆ.

ಮುಖ್ಯ ತಕರಾರು '6 ಗಂಟೆ' ಎಂಬ ಮಾತಿಗೆ. 48 ಶಿಲ್ಪಕ್ಕೆ ಆರು ಗಂಟೆ ಎಂದರೆ ಒಂದಕ್ಕೆ ಏಳೂವರೆ ನಿಮಿಷ. ಅಕ್ಕನನ್ನು ಡೆಮೊಗೆ ಕೂರಿಸಿದಾಗ ಮೂರು ಶಿಲ್ಪಕ್ಕೆ 33 ನಿಮಿಷ ಹಿಡಿಯಿತು, ಪತ್ರದಲ್ಲಿರುವುದು 20. ಆ ವೇಗದಲ್ಲಿ ಹೋದರೆ ಆಟ ಸುಮಾರು ಒಂಬತ್ತು ಗಂಟೆಯದಾಗುತ್ತದೆ. ಆಡುತ್ತ ಆಡುತ್ತ ಕಣ್ಣು ಪಳಗಿ ವೇಗ ಹೆಚ್ಚಬಹುದು, ಕೊನೆಯ ಒಗಟುಗಳು ಬಿಗಿಯಾಗಿ ವೇಗ ತಗ್ಗಲೂಬಹುದು. ಸ್ಟೀಮ್ ಅಂಗಡಿಯಲ್ಲಿ ಕೊಂಡವನು ಎರಡು ಗಂಟೆಯೊಳಗೆ ಆಡಿ ಬೇಡವೆನಿಸಿದರೆ 14 ದಿನದೊಳಗೆ ಹಣ ವಾಪಸ್ ಕೇಳಬಹುದು. ಆ ಎರಡು ಗಂಟೆಯಲ್ಲಿ ಅವನು ಹತ್ತು ಶಿಲ್ಪ ದಾಟುತ್ತಾನೋ ಹದಿನಾರೋ ಎಂಬುದು ಪ್ರಕಾಶಕನಿಗೆ ದುಡ್ಡಿನ ಪ್ರಶ್ನೆ. ಮನೆಯವರಲ್ಲದ, ಹೊಯ್ಸಳರ ಹೆಸರೂ ಕೇಳದ ಮೂವರನ್ನು ಕೂರಿಸಿ, ಬಾಯಿಬಿಡದೆ ಹಿಂದೆ ನಿಂತು ಗಡಿಯಾರ ನೋಡಲಿ. ಬಂದ ಸಂಖ್ಯೆಯನ್ನು '6' ಇರುವ ಕಡೆ ಬರೆದು, ಆಮೇಲೆ ಕಳಿಸಲಿ.