ಮೂರು ಕಂತಿನ ಉಪಕಾರ

ನಾನು ಹಿಂದೆ ಕೆಲಸ ಮಾಡ್ತಿದ್ದ ಕಂಪನಿಯೊಂದರ ಸ್ಯಾಲರಿ ಅಡ್ವಾನ್ಸ್ ಪಾಲಿಸಿ ಒಂದೂವರೆ ಪುಟದ್ದು. ‘ನಿಜವಾದ ತುರ್ತು’ ಇದ್ದರೆ ಎರಡು ತಿಂಗಳ ಸಂಬಳದವರೆಗೆ ಮುಂಗಡ, ಬಡ್ಡಿ ಇಲ್ಲ, ಮೂರು ಕಂತಿನಲ್ಲಿ ವಸೂಲಿ. ಓದೋಕೆ ಉದಾರವಾಗೇ ಇದೆ. ನನ್ನ ತಕರಾರು ಮೂರು ಕಡೆ.

ಮೊದಲನೆಯದು, ಅರ್ಜಿ ಜೊತೆ ಆಸ್ಪತ್ರೆಯ ಫೈನಲ್ ಬಿಲ್ ಕೇಳ್ತಾರೆ. ಆ ಬಿಲ್ ಬರೋದು ಡಿಸ್ಚಾರ್ಜ್ ದಿನ. ದುಡ್ಡು ಬೇಕಾಗೋದು ಅಡ್ಮಿಟ್ ಮಾಡೋ ದಿನ, ಡೆಪಾಸಿಟ್ ಕಟ್ಟೋಕೆ. ಎಸ್ಟಿಮೇಟ್ ನೋಡಿ ದುಡ್ಡು ಕೊಟ್ಟು, ಬಿಲ್ಲನ್ನು ಆಮೇಲೆ ತರಿಸಿಕೊಂಡಿದ್ದರೆ ಸಾಕಿತ್ತು.

ಎರಡನೆಯದು ಕಂತು. ಕೈಗೆ 42,000 ಬರುವವರೊಬ್ಬರು 60,000 ತಗೊಂಡ್ರು ಅಂದುಕೊಳ್ಳಿ. ತಿಂಗಳಿಗೆ 20,000 ಮುರಿದರೆ ಉಳಿಯೋದು 22,000. ಮನೆ ಬಾಡಿಗೆ 14,000, ಹಳೇ ಸಾಲದ ಇಎಂಐ 9,000 ಕಟ್ಟಿದರೆ, ಅಕ್ಕಿ ಬೇಳೆಗೂ ಮೊದಲೇ 1,000 ಕೊರತೆ. ಆಗ ಅವರು ಲೋನ್ ಆ್ಯಪ್‌ಗೆ ಹೋಗ್ತಾರೆ. ಅದೇ ಆರು ಕಂತಾದರೆ ಕೈಲಿ 9,000 ಉಳಿಯುತ್ತೆ. ಒಟ್ಟು ಕಡಿತ ವೇತನದ ಅರ್ಧ ದಾಟಬಾರದು ಅಂತ 2019ರ ವೇತನ ಸಂಹಿತೆ ಹೇಳುತ್ತೆ. ಆದರೆ ಅದು ಮೇಲ್ಮಿತಿ ಅಷ್ಟೇ, ಮನೆ ನಡೆಸುವ ಲೆಕ್ಕ ಅಲ್ಲ.

ಕೊನೆಯದು ಅಪ್ರೂವಲ್ ನೋಟ್. ಅದರಲ್ಲಿ ‘ಮಂಜೂರಾಗಿದೆ’ ಅನ್ನೋ ಒಂದೇ ಸಾಲು. ಕಂತೆಷ್ಟು, ಮೊದಲ ಕಡಿತ ಯಾವ ತಿಂಗಳು, ನಡುವೆ ಕೆಲಸ ಬಿಟ್ಟರೆ ಬಾಕಿ ಹೇಗೆ ಅನ್ನೋದನ್ನು ಬರೆದು ಇಬ್ಬರೂ ಸಹಿ ಹಾಕಬೇಕು. ಇಲ್ಲದಿದ್ದರೆ ಅದು ಗೊತ್ತಾಗೋದು ಕೆಲಸ ಬಿಟ್ಟ ಮೇಲೆ, ಫೈನಲ್ ಸೆಟಲ್‌ಮೆಂಟ್‌ನಲ್ಲಿ ಪೂರ್ತಿ ಬಾಕಿ ಒಂದೇ ಸಲ ಹಿಡಿದುಕೊಂಡಾಗ.